ಹತ್ತು ಸೆಕೆಂಡಿನ ನಾಡಿ: ಮೈದಾನದಲ್ಲಿ ಮಕ್ಕಳಿಗೆ ವ್ಯಾಯಾಮದ ತೀವ್ರತೆ ಅಳೆಯಲು ಕಲಿಸುವುದು

ಓಡಿ ಬಂದು ನಿಂತ ಹುಡುಗಿಯ ನಾಡಿಯನ್ನು ಪೂರ್ತಿ ಒಂದು ನಿಮಿಷ ಎಣಿಸಿದರೆ ಸಿಗುವ ಸಂಖ್ಯೆ ಆಕೆಯ ಓಟದ್ದಲ್ಲ. ಅದರಲ್ಲಿ ಅರ್ಧ ಓಟದ್ದು, ಅರ್ಧ ವಿಶ್ರಾಂತಿಯದ್ದು. ಕಾಲು ನಿಂತ ಕ್ಷಣದಿಂದಲೇ ಹೃದಯ ತನ್ನ ವೇಗ ಇಳಿಸಲು ಶುರು ಮಾಡುತ್ತದೆ, ನಮ್ಮ ಎಣಿಕೆ ಮುಗಿಯಲಿ ಎಂದು ಅದು ಕಾಯುವುದಿಲ್ಲ. ಆದರೂ ನಮ್ಮ ಕಡೆಯ ಅನೇಕ ಶಾಲೆಗಳಲ್ಲಿ ನಾಡಿ ಎಣಿಸುವುದೆಂದರೆ ಒಂದು ನಿಮಿಷ ಎಣಿಸುವುದು ಎಂದೇ ರೂಢಿಯಾಗಿದೆ. ಕೂತವರ ನಾಡಿಗೆ ಅದು ಸರಿ. ಓಡಿದವರ ನಾಡಿಗೆ ಅದು ತಪ್ಪು ಲೆಕ್ಕ.

ನಾನು ವಿಜಯಪುರ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕ. ಒಂಬತ್ತನೆಯ ತರಗತಿಯವರಿಗೆ ಈ ಪಾಠವನ್ನು ಹೇಳುವಾಗ ಸೂತ್ರದಿಂದ ಆರಂಭಿಸುವುದಿಲ್ಲ, ಒಂದು ಪ್ರಯೋಗದಿಂದ ಆರಂಭಿಸುತ್ತೇನೆ. ನಾಡಿ ಹಿಡಿಯುವುದರಲ್ಲಿ ಕೈ ಪಳಗಿದ ಒಬ್ಬ ಹುಡುಗಿಯನ್ನು ನಾಲ್ಕು ನಿಮಿಷ ಸಮನಾದ ವೇಗದಲ್ಲಿ ಓಡಿಸಿ, ನಿಂತ ತಕ್ಷಣದಿಂದ ಒಂದು ನಿಮಿಷದವರೆಗೆ ಪ್ರತಿ ಹತ್ತು ಸೆಕೆಂಡಿಗೊಮ್ಮೆ ಎಣಿಕೆಯನ್ನು ಕೂಗಿ ಹೇಳಿಸಬೇಕು. ಬರುವ ಸಂಖ್ಯೆಗಳು ಸುಮಾರಾಗಿ ಹೀಗಿರುತ್ತವೆ: 27, 26, 24, 22, 21, 20. ಕೂಡಿದರೆ 140. ಮೊದಲ ಹತ್ತು ಸೆಕೆಂಡಿನ 27ನ್ನು ಆರರಿಂದ ಗುಣಿಸಿದರೆ 162. ಒಂದೇ ಹುಡುಗಿ, ಒಂದೇ ಓಟ, ಎರಡು ಉತ್ತರ. ಇವುಗಳ ನಡುವಿನ ವ್ಯತ್ಯಾಸ 22 ಬಡಿತ. ಇದು ಚಿಕ್ಕ ಮಾತೇನಲ್ಲ: ಮುಂದೆ ಲೆಕ್ಕ ಹಾಕಿ ನೋಡುವಂತೆ, 162 ಎಂದರೆ ಆಕೆ ತೀವ್ರ ವಲಯದಲ್ಲಿ ಓಡಿದ್ದಾಳೆ, 140 ಎಂದರೆ ಮಧ್ಯಮ ವಲಯದಲ್ಲಿ. ನಿಜವಾಗಿ ಓಡಿದ್ದು ತೀವ್ರ ವಲಯದಲ್ಲಿಯೇ.

ಹಾಗಾದರೆ ಹತ್ತು ಸೆಕೆಂಡೇ ಏಕೆ, ಐದೇಕೆ ಬೇಡ? ಎಣಿಕೆ ಚಿಕ್ಕದಾದಷ್ಟೂ ತಪ್ಪು ದೊಡ್ಡದಾಗುತ್ತದೆ. ಹತ್ತು ಸೆಕೆಂಡಿನಲ್ಲಿ ಒಂದು ಬಡಿತ ತಪ್ಪಿದರೆ ನಿಮಿಷದ ಲೆಕ್ಕದಲ್ಲಿ 6 ತಪ್ಪುತ್ತದೆ. ಐದು ಸೆಕೆಂಡಿನಲ್ಲಿ ತಪ್ಪಿದರೆ 12. ಹದಿನೈದು ಸೆಕೆಂಡು ಎಣಿಸಿದರೆ ತಪ್ಪು 4ಕ್ಕೆ ಇಳಿಯುತ್ತದೆ, ಆದರೆ ಅಷ್ಟರಲ್ಲಿ ನಾಡಿಯೂ ಇಳಿದಿರುತ್ತದೆ. ಈ ಎರಡರ ನಡುವೆ ಹತ್ತು ಸೆಕೆಂಡು ಒಂದು ರಾಜಿ, ಅಷ್ಟೇ. ಗುಣಿಸುವುದೂ ಸುಲಭ.

ಬೆರಳು ಇಡುವ ಜಾಗ

ಓಡುವುದಕ್ಕೆ ಮೊದಲು ತರಗತಿಯಲ್ಲಿ ಕುಳಿತೇ ಜಾಗ ಹುಡುಕಬೇಕು. ಅಂಗೈ ಮೇಲಾಗಿ ಕೈ ಚಾಚಿ, ಹೆಬ್ಬೆರಳಿನ ಬುಡದಿಂದ ಮೊಣಕೈ ಕಡೆಗೆ ಜಾರಿದರೆ ಮಣಿಕಟ್ಟಿನ ಮಡಿಕೆ ದಾಟಿದ ಕೂಡಲೇ ಹೊರಬದಿಯಲ್ಲಿ ಎಲುಬು ಸಿಗುತ್ತದೆ, ಒಳಬದಿಯಲ್ಲಿ ಹುರಿಯಂತೆ ಬಿಗಿದ ಸ್ನಾಯುರಜ್ಜು. ಇವೆರಡರ ನಡುವಿನ ತಗ್ಗಿನಲ್ಲಿ ನಾಡಿ ಇರುತ್ತದೆ. ತೋರುಬೆರಳು ಮತ್ತು ನಡುಬೆರಳಿನ ತುದಿಯನ್ನು ಅಲ್ಲಿಡಬೇಕು. ಹೆಬ್ಬೆರಳು ಬೇಡ, ಏಕೆಂದರೆ ಅದಕ್ಕೆ ತನ್ನದೇ ಬಲವಾದ ಮಿಡಿತವಿದೆ. ಗೆಳತಿಯ ನಾಡಿ ಹಿಡಿದವಳು ತನ್ನ ನಾಡಿಯನ್ನೇ ಎಣಿಸಿ ಕೂರುತ್ತಾಳೆ.

ನಾಡಿ ಸಿಗದಿದ್ದರೆ ಮಕ್ಕಳು ಮಾಡುವ ಮೊದಲ ಕೆಲಸ ಇನ್ನಷ್ಟು ಗಟ್ಟಿಯಾಗಿ ಒತ್ತುವುದು. ಒತ್ತಿದಷ್ಟೂ ಧಮನಿ ಮುಚ್ಚಿಕೊಂಡು ಮಿಡಿತ ಮಾಯವಾಗುತ್ತದೆ. 'ಗಟ್ಟಿಯಾಗಿ ಒತ್ತಿ, ಮಿಡಿತ ನಿಂತ ಮೇಲೆ ನಿಧಾನವಾಗಿ ಸಡಿಲಿಸುತ್ತಾ ಬನ್ನಿ. ಎಲ್ಲಿ ಚೆನ್ನಾಗಿ ತಾಗುತ್ತದೋ ಅಲ್ಲಿ ನಿಲ್ಲಿ' ಎಂದರೆ ಹೆಚ್ಚಿನವರಿಗೆ ಸಿಕ್ಕಿಬಿಡುತ್ತದೆ. ಕೈಗಡಿಯಾರ, ಕೆಂಪು ದಾರ, ಬಳೆ ಇದ್ದರೆ ಮೊದಲೇ ಮೊಣಕೈ ಕಡೆಗೆ ಸರಿಸಿಕೊಳ್ಳಬೇಕು. ನಮ್ಮ ಹೆಣ್ಣುಮಕ್ಕಳ ಹಸಿರು ಗಾಜಿನ ಬಳೆಗಳು ಸರಿಯಾಗಿ ಆ ಜಾಗಕ್ಕೇ ಬಂದು ಕೂರುತ್ತವೆ, ಎಣಿಸುವಾಗ ಸದ್ದನ್ನೂ ಮಾಡುತ್ತವೆ.

ಜಾಗ ಸಿಕ್ಕ ಮೇಲೆ ಪೆನ್ನಿನಿಂದ ಅಲ್ಲೊಂದು ಚುಕ್ಕೆ ಇಡಿಸುತ್ತೇನೆ. ಈ ಇಡೀ ಪಾಠದಲ್ಲಿ ಇದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವ ಉಪಾಯ ನನಗೆ ಗೊತ್ತಿಲ್ಲ. ಓಡಿ ಬಂದ ಕೈ ಬೆವರಿರುತ್ತದೆ, ಎದೆ ಏದುಸಿರು ಬಿಡುತ್ತಿರುತ್ತದೆ, ಬೆರಳು ನಡುಗುತ್ತಿರುತ್ತದೆ. ಆಗ ಜಾಗ ಹುಡುಕಲು ಹೊರಟರೆ ಹದಿನೈದು ಇಪ್ಪತ್ತು ಸೆಕೆಂಡು ಹೋಗುತ್ತದೆ. ಮೇಲಿನ ಆರು ಸಂಖ್ಯೆಗಳನ್ನು ಮತ್ತೊಮ್ಮೆ ನೋಡಿ: ಇಪ್ಪತ್ತು ಸೆಕೆಂಡು ತಡವಾಗಿ ಎಣಿಸಲು ಶುರು ಮಾಡಿದವಳಿಗೆ 27ರ ಬದಲು 24 ಸಿಗುತ್ತದೆ. ಚುಕ್ಕೆ ಇದ್ದರೆ ಎರಡು ಮೂರು ಸೆಕೆಂಡಿನಲ್ಲಿ ಬೆರಳು ಜಾಗಕ್ಕೆ ಬರುತ್ತದೆ.

ಕುತ್ತಿಗೆಯಲ್ಲಿ ನಾಡಿ ಇನ್ನೂ ಸುಲಭವಾಗಿ ಸಿಗುತ್ತದೆ, ದವಡೆಯ ಕೆಳಗೆ ಶ್ವಾಸನಾಳದ ಪಕ್ಕದ ತಗ್ಗಿನಲ್ಲಿ. ಮಣಿಕಟ್ಟಿನಲ್ಲಿ ಏನು ಮಾಡಿದರೂ ಸಿಗದವರಿಗೆ ಮಾತ್ರ ಅದನ್ನು ಹೇಳಿಕೊಡುತ್ತೇನೆ. ಅಲ್ಲಿ ಧಮನಿ ಕವಲೊಡೆಯುವ ಜಾಗದಲ್ಲಿ ರಕ್ತದ ಒತ್ತಡವನ್ನು ಅರಿಯುವ ನರಗಳಿವೆ. ಒತ್ತಿದರೆ ಒತ್ತಡ ಏರಿತೆಂದು ಅವು ಮಿದುಳಿಗೆ ಸುದ್ದಿ ಕಳಿಸುತ್ತವೆ, ಹೃದಯ ನಿಧಾನವಾಗುತ್ತದೆ. ಎಂದರೆ ಅಳೆಯುವ ಕೈಯೇ ಅಳತೆಯನ್ನು ಕೆಡಿಸುತ್ತದೆ, ಕೆಲವರಿಗೆ ತಲೆಯೂ ಸುತ್ತುತ್ತದೆ. ಹಾಗಾಗಿ ಒಂದೇ ಬದಿ, ಹಗುರವಾಗಿ. ಎರಡೂ ಬದಿ ಒಟ್ಟಿಗೆ ಹಿಡಿಯುವುದು ಎಂದಿಗೂ ಬೇಡ.

ಸೊನ್ನೆಯೋ ಒಂದೋ

ಎಣಿಕೆಯಲ್ಲಿ ಎಲ್ಲರೂ ಎಡವುವ ಒಂದು ಜಾಗವಿದೆ. ಮೊದಲ ಬಡಿತವನ್ನು ಸೊನ್ನೆ ಎನ್ನಬೇಕೋ ಒಂದು ಎನ್ನಬೇಕೋ? ಉತ್ತರ ಗಡಿಯಾರವನ್ನು ಯಾರು ಶುರು ಮಾಡಿದರು ಎಂಬುದರ ಮೇಲಿದೆ. ಒಂದು ಬಡಿತ ತಾಗಿದ ಕ್ಷಣಕ್ಕೇ ನೀವೇ ಸ್ಟಾಪ್‌ವಾಚ್ ಒತ್ತಿದರೆ ಆ ಬಡಿತ ಸೊನ್ನೆ, ಏಕೆಂದರೆ ಕಾಲದ ಅಳತೆ ಅದರಿಂದಲೇ ಆರಂಭವಾಗಿದೆ. ಮೈದಾನದಲ್ಲಿ ನಲವತ್ತು ಮಕ್ಕಳಿಗೆ ಶಿಕ್ಷಕರು ಸೀಟಿ ಊದಿದಾಗ ಮಾತ್ರ ಹಾಗಲ್ಲ. ಸೀಟಿಗೂ ಯಾರ ಬಡಿತಕ್ಕೂ ಸಂಬಂಧವಿಲ್ಲ. ಆಗ ಸೀಟಿಯ ನಂತರ ತಾಗಿದ ಮೊದಲ ಬಡಿತವೇ ಒಂದು. ಇದನ್ನು ಮೊದಲೇ ನಿಗದಿ ಮಾಡದಿದ್ದರೆ ತರಗತಿಯ ಅರ್ಧ ಮಕ್ಕಳ ಲೆಕ್ಕ ಉಳಿದರ್ಧಕ್ಕಿಂತ 6 ಬಡಿತ ಕಡಿಮೆ ಬಂದು ಕೂರುತ್ತದೆ.

ನನ್ನ ಕ್ರಮ ಮೂರು ಸೀಟಿ. ಮೊದಲ ಸೀಟಿಗೆ ನಿಂತು ಚುಕ್ಕೆಯ ಮೇಲೆ ಬೆರಳಿಡುವುದು. ಐದು ಸೆಕೆಂಡಿನ ನಂತರ ಎರಡನೆಯ ಸೀಟಿ, ಎಣಿಕೆ ಶುರು. ಹತ್ತು ಸೆಕೆಂಡಿಗೆ ಮೂರನೆಯದು, ಎಣಿಕೆ ಬಂದ್. ಕೂಡಲೇ ಎಲ್ಲರೂ ನಡೆಯಲು ತೊಡಗಬೇಕು, ಸಂಖ್ಯೆಯನ್ನು ನಡೆಯುತ್ತಲೇ ನೆನಪಿಟ್ಟುಕೊಂಡು ನಂತರ ಬರೆಯಬೇಕು. ಜೋರಾಗಿ ಓಡಿದವರು ನಿಂತಲ್ಲೇ ನಿಂತರೆ ಕಾಲಿನಲ್ಲಿ ರಕ್ತ ನಿಂತುಬಿಡುತ್ತದೆ, ತಲೆ ಸುತ್ತು ಬರುತ್ತದೆ. ನಾಡಿ ಹಿಡಿಯುವ ನೆಪದಲ್ಲಿ ಮರದ ನೆರಳಿಗೆ ಹೋಗಿ ಒರಗುವವರನ್ನು ಎಬ್ಬಿಸುವುದೂ ಇದೇ ಕಾರಣಕ್ಕೆ.

ಮಕ್ಕಳು ಎಣಿಸಿದ್ದು ನಿಜವೋ ಅಂದಾಜೋ ಎಂದು ತಿಳಿಯಲು ಎರಡು ಪರೀಕ್ಷೆಗಳಿವೆ. ಒಂದು, ಕುಳಿತಿರುವಾಗ ಒಬ್ಬಳ ಎಡಗೈ ನಾಡಿಯನ್ನು ಆಕೆಯೂ ಬಲಗೈ ನಾಡಿಯನ್ನು ಗೆಳತಿಯೂ ಅದೇ ಹತ್ತು ಸೆಕೆಂಡು ಎಣಿಸಬೇಕು. ಒಂದಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಇಬ್ಬರಲ್ಲಿ ಒಬ್ಬರದು ತಪ್ಪು. ಇನ್ನೊಂದು ಪರೀಕ್ಷೆ ಪುಸ್ತಕ ತಿದ್ದುವಾಗಿನದು: ಹತ್ತು ಸೆಕೆಂಡಿನ ಎಣಿಕೆಯನ್ನು ಆರರಿಂದ ಗುಣಿಸಿದ ಸಂಖ್ಯೆ ಆರರಿಂದ ಭಾಗವಾಗಲೇಬೇಕು. ಓಟದ ನಾಡಿ 130 ಎಂದೋ 145 ಎಂದೋ ಬರೆದವನು ಎಣಿಸಿಲ್ಲ, ಊಹಿಸಿದ್ದಾನೆ. ವಿಶ್ರಾಂತಿ ನಾಡಿಯ ಅಂಕಣದಲ್ಲಿ ಸಾಲಾಗಿ 72, 72, 72 ಕಂಡರೂ ಅಷ್ಟೇ. ಅದು ವಿಜ್ಞಾನ ಪುಸ್ತಕದ ನಾಡಿ, ಮಕ್ಕಳದ್ದಲ್ಲ.

ಸಂಖ್ಯೆ ವಲಯವಾಗುವುದು ಹೇಗೆ

ಈಗ 162 ಎಂಬುದು ಹೆಚ್ಚೋ ಕಡಿಮೆಯೋ ಎಂಬ ಪ್ರಶ್ನೆ. ಅದಕ್ಕೆ ಎರಡು ತುದಿಗಳು ಬೇಕು: ಆ ಮಗುವಿನ ಹೃದಯ ಸುಮ್ಮನಿದ್ದಾಗ ಎಷ್ಟು ಬಡಿಯುತ್ತದೆ, ಗರಿಷ್ಠ ಎಷ್ಟರವರೆಗೆ ಹೋಗಬಲ್ಲದು. ಇವೆರಡರ ನಡುವಿನ ಅಂತರವೇ ಹೃದಯದ ಮೀಸಲು. ವ್ಯಾಯಾಮ ಆ ಮೀಸಲಿನಲ್ಲಿ ಎಷ್ಟು ಭಾಗವನ್ನು ಬಳಸಿತು ಎಂಬುದೇ ತೀವ್ರತೆ. ಈ ರೀತಿಯ ಲೆಕ್ಕ ಫಿನ್ಲೆಂಡಿನ ಮಾರ್ಟಿ ಕಾರ್ವೋನೆನ್ ಮತ್ತು ಸಂಗಡಿಗರು 1957ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಬಂದದ್ದು, ಅವರ ಹೆಸರಿನಿಂದಲೇ ಇಂದಿಗೂ ಕರೆಯುತ್ತಾರೆ.

ವಿಶ್ರಾಂತಿ ನಾಡಿಯನ್ನು ಶಾಲೆಯಲ್ಲಿ ಸರಿಯಾಗಿ ಅಳೆಯಲಾಗುವುದಿಲ್ಲ. ಮೆಟ್ಟಿಲು ಹತ್ತಿ ಬಂದಿರುತ್ತಾರೆ, ಮುಂದಿನ ಅವಧಿಗೆ ಗಣಿತದ ಪರೀಕ್ಷೆ ಇರುತ್ತದೆ. ಅದನ್ನು ಮನೆಗೆಲಸವಾಗಿ ಕೊಡಬೇಕು: ಬೆಳಿಗ್ಗೆ ಎಚ್ಚರವಾದ ಮೇಲೆ ಹಾಸಿಗೆ ಬಿಟ್ಟೇಳುವ ಮೊದಲು, ಚಹಾಕ್ಕಿಂತ ಮೊದಲು, ಪೂರ್ತಿ ಒಂದು ನಿಮಿಷ, ಮೂರು ದಿನ; ನಂತರ ಸರಾಸರಿ. ಇಲ್ಲಿ ಮಾತ್ರ ಪೂರ್ತಿ ನಿಮಿಷ ಬೇಕೇ ಬೇಕು. ಹದಿಹರೆಯದವರಲ್ಲಿ ಉಸಿರು ಒಳಗೆಳೆದಾಗ ನಾಡಿ ಚುರುಕಾಗುತ್ತದೆ, ಹೊರಬಿಟ್ಟಾಗ ನಿಧಾನವಾಗುತ್ತದೆ. ಅದು ಸಹಜ, ರೋಗವಲ್ಲ. ಆದರೆ ಹತ್ತು ಸೆಕೆಂಡು ಎಣಿಸಿದರೆ ಯಾವ ಉಸಿರಿಗೆ ಸಿಕ್ಕಿತೋ ಅದರ ಮೇಲೆ ಲೆಕ್ಕ ಹೆಚ್ಚು ಕಡಿಮೆಯಾಗುತ್ತದೆ.

ಗರಿಷ್ಠ ನಾಡಿಗೆ 220ರಿಂದ ವಯಸ್ಸನ್ನು ಕಳೆಯಬೇಕು ಎಂಬ ಸೂತ್ರ ಎಲ್ಲರ ಬಾಯಲ್ಲಿದೆ. ಅದು ವಯಸ್ಕರ ಅಂಕಿಗಳ ಮೇಲೆ ಎಳೆದ ಒರಟು ಗೆರೆ. ಅದರ ಪ್ರಕಾರ ಇಬ್ಬರು ಒಂದೇ ವಯಸ್ಸಿನವರ ಗರಿಷ್ಠ ಒಂದೇ ಆಗಬೇಕು. ನಿಜದಲ್ಲಿ ಹತ್ತು ಹನ್ನೆರಡು ಬಡಿತ ಆಚೀಚೆ ಆಗುವುದು ಸಾಮಾನ್ಯ. ಮಕ್ಕಳಿಗಂತೂ ಅದು ಹೊಂದುವುದೇ ಇಲ್ಲ, ಏಕೆಂದರೆ ಬಾಲ್ಯದಿಂದ ಹದಿಹರೆಯದ ಕೊನೆಯವರೆಗೆ ಗರಿಷ್ಠ ನಾಡಿ ವರ್ಷಕ್ಕೊಂದರಂತೆ ಇಳಿಯದೆ ಹೆಚ್ಚುಕಡಿಮೆ 200ರ ಆಸುಪಾಸಿನಲ್ಲಿಯೇ ಇರುತ್ತದೆ. ಆದ್ದರಿಂದ ಪ್ರೌಢಶಾಲೆಯಲ್ಲಿ ಎಲ್ಲರಿಗೂ 200 ಎಂದು ಇಟ್ಟುಕೊಳ್ಳುವುದು ಹೆಚ್ಚು ಪ್ರಾಮಾಣಿಕ ಎಂದು ನನ್ನ ಅಭಿಪ್ರಾಯ, ಲೆಕ್ಕವೂ ಹಗುರವಾಗುತ್ತದೆ. ಗರಿಷ್ಠವನ್ನು ಅಳೆಯುತ್ತೇನೆಂದು ಮಕ್ಕಳನ್ನು ಸುಸ್ತಾಗಿ ಬೀಳುವವರೆಗೆ ಓಡಿಸುವ ಉಸಾಬರಿ ಮಾತ್ರ ಯಾರಿಗೂ ಬೇಡ.

ಸೂತ್ರ ಇಷ್ಟೇ:

```
ಗುರಿ ನಾಡಿ = ವಿಶ್ರಾಂತಿ ನಾಡಿ + (200 − ವಿಶ್ರಾಂತಿ ನಾಡಿ) × ತೀವ್ರತೆ
```

ಮೀಸಲಿನ ಶೇ 40ಕ್ಕಿಂತ ಕೆಳಗಿದ್ದರೆ ಹಗುರ ವ್ಯಾಯಾಮ, 40ರಿಂದ 60ರ ಒಳಗೆ ಮಧ್ಯಮ, 60ರಿಂದ 90ರ ಒಳಗೆ ತೀವ್ರ. ನಾವು ನೋಡುತ್ತಿದ್ದ ಹುಡುಗಿಯ ವಿಶ್ರಾಂತಿ ನಾಡಿ 78 ಎನ್ನಿ. ಮೀಸಲು 200ರಲ್ಲಿ 78 ಕಳೆದು 122. ಅದರ ಶೇ 40 ಎಂದರೆ 49, ಅದಕ್ಕೆ 78 ಕೂಡಿಸಿದರೆ 127. ಶೇ 60 ಎಂದರೆ 73, ಕೂಡಿಸಿದರೆ 151. ಶೇ 90ಕ್ಕೆ 188. ಇಲ್ಲಿಗೆ ನಿಲ್ಲಿಸಿದರೆ ಮೈದಾನದಲ್ಲಿ ಏದುಸಿರು ಬಿಡುತ್ತಾ ಆರರ ಮಗ್ಗಿ ಹೇಳಬೇಕಾಗುತ್ತದೆ. ಅದರ ಬದಲು ಮೂರನ್ನೂ ತರಗತಿಯಲ್ಲೇ ಆರರಿಂದ ಭಾಗಿಸಿಬಿಡಬೇಕು: 21, 25, 31. ಹತ್ತು ಸೆಕೆಂಡಿನ ಎಣಿಕೆ 21ಕ್ಕಿಂತ ಕಡಿಮೆ ಬಂದರೆ ಆಕೆಗೆ ಅದು ಹಗುರ, 21ರಿಂದ 25ರವರೆಗೆ ಮಧ್ಯಮ, 26ರಿಂದ 31ರವರೆಗೆ ತೀವ್ರ. ಈ ಮೂರು ಸಂಖ್ಯೆಗಳನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆಸಿದರೆ ಮುಗಿಯಿತು. ಆಕೆಯ 27 ತೀವ್ರ ವಲಯದ್ದು ಎಂದು ಕೂಡಲೇ ಗೊತ್ತಾಗುತ್ತದೆ. ನಿಮಿಷ ಪೂರ್ತಿ ಎಣಿಸಿ ಸಿಕ್ಕ 140 ಆಕೆಯನ್ನು ಹೇಗೆ ತಪ್ಪಾಗಿ ಮಧ್ಯಮಕ್ಕೆ ತಳ್ಳಿತ್ತು ಎಂಬುದೂ.

ಪಕ್ಕದಲ್ಲಿ ನಿಂತ ಹುಡುಗನ ಮೂರು ಸಂಖ್ಯೆಗಳು ಬೇರೆ. ವಿಜಯಪುರ, ಬಾಗಲಕೋಟೆ ಕಡೆ ಸೈಕ್ಲಿಂಗ್ ಮೈಗೂಡಿದ ಮಕ್ಕಳು ಬಹಳ; ದಿನಾ ಬೆಳಿಗ್ಗೆ ಸೈಕಲ್ ಅಭ್ಯಾಸ ಮಾಡುವ ಹುಡುಗನ ವಿಶ್ರಾಂತಿ ನಾಡಿ 58 ಇರಬಹುದು. ಮೀಸಲು 142. ಮಧ್ಯಮ ವಲಯ 115ರಿಂದ 143, ಎಣಿಕೆಯಲ್ಲಿ 19ರಿಂದ 23. ಇಬ್ಬರಿಗೂ ಎಣಿಕೆ 20 ಬಂದರೆ ಹುಡುಗಿಗೆ ಅದು ಇನ್ನೂ ಹಗುರ, ಹುಡುಗನಿಗೆ ಆಗಲೇ ಮಧ್ಯಮ. ಕೇಳಿದ ಮಕ್ಕಳಿಗೆ ಇದು ತಲೆಕೆಳಗಾಗಿ ಕಾಣುತ್ತದೆ: ಗಟ್ಟಿಗನಿಗೆ ಬೇಗ ಹೇಗೆ ಭಾರವಾಯಿತು ಸರ್? ಬೇಗ ಭಾರವಾಗಿಲ್ಲ. 58ರಿಂದ 120ಕ್ಕೆ ಬರಲು ಆ ಹೃದಯ 62 ಮೆಟ್ಟಿಲು ಹತ್ತಬೇಕು, ಹುಡುಗಿಯದು 42 ಮಾತ್ರ. ಆದರೆ ಅವನನ್ನು ಅಷ್ಟು ಮೆಟ್ಟಿಲು ಹತ್ತಿಸಬೇಕಾದರೆ ಹುಡುಗಿಗಿಂತ ಎಷ್ಟೋ ಜೋರಾಗಿ ಓಡಿಸಬೇಕಾಗುತ್ತದೆ. ಇಬ್ಬರನ್ನೂ ಜೊತೆಯಲ್ಲಿ ಒಂದೇ ವೇಗದಲ್ಲಿ ಓಡಿಸಿದಾಗ ಹುಡುಗಿಯ ಎಣಿಕೆ 26, ಹುಡುಗನದು 18 ಬರುವುದು ವಿಚಿತ್ರವೇನಲ್ಲ. ತರಗತಿಯನ್ನು ಸಾಲಾಗಿ ಒಂದೇ ಲಯಕ್ಕೆ ಓಡಿಸುವ ನಮ್ಮ ಹಳೆಯ ಪದ್ಧತಿ ಯಾರಿಗೆ ಏನು ಕೊಡುತ್ತಿದೆ ಎಂಬುದು ಈ ಎರಡು ಸಂಖ್ಯೆಗಳಲ್ಲಿ ಕಾಣುತ್ತದೆ.

ಕೈಗಡಿಯಾರದ ಪರದೆಯಲ್ಲಿ ಐದು ವಲಯಗಳನ್ನು ನೋಡಿದ ಮಕ್ಕಳು ನಮಗೇಕೆ ಮೂರೇ ಎಂದು ಕೇಳುತ್ತಾರೆ. ಬೆರಳಿನ ಎಣಿಕೆಯಲ್ಲಿ ಒಂದು ತಪ್ಪು ಎಂದರೆ 6 ಬಡಿತ, ಆ ಹುಡುಗಿಯ ಮೀಸಲಿನ ಶೇ 5. ಶೇ 20ರಷ್ಟು ಅಗಲದ ವಲಯ ಒಂದು ತಪ್ಪನ್ನು ತಾಳಿಕೊಳ್ಳುತ್ತದೆ. ಶೇ 10ರ ಅಗಲದ ವಲಯದಲ್ಲಿ ಇರುವುದೇ ಎರಡು ಎಣಿಕೆ, ಒಂದು ತಪ್ಪಿದರೆ ಪಕ್ಕದ ಮನೆಗೆ ಹೋದಂತೆ. ಗಡಿಯಲ್ಲಿ ಬಂದ ಸಂಖ್ಯೆಯನ್ನು ನಂಬಬೇಕೋ ಬೇಡವೋ ಎಂದು ಅನುಮಾನ ಬಂದಾಗ ಮಾತು ಆಡಿಸಿ ನೋಡುವುದು ಒಳ್ಳೆಯದು. ಮಧ್ಯಮ ವಲಯದಲ್ಲಿ ಓಡುತ್ತಿರುವವರು ಮಾತನಾಡಬಲ್ಲರು, ಹಾಡಲಾರರು. ತೀವ್ರ ವಲಯದಲ್ಲಿರುವವರು ನಾಲ್ಕು ಪದಕ್ಕೊಮ್ಮೆ ಉಸಿರು ತೆಗೆದುಕೊಳ್ಳುತ್ತಾರೆ. ಎಣಿಕೆ 20 ಎಂದು ಹೇಳುತ್ತಾ ಒಂದು ವಾಕ್ಯ ಮುಗಿಸಲು ಒದ್ದಾಡುತ್ತಿದ್ದರೆ ತಪ್ಪಿರುವುದು ಎಣಿಕೆ.

ಬಿಸಿಲು, ಜ್ವರ, ಕಬಡ್ಡಿ

ನಾಡಿ ಅಳೆಯುವುದು ಹೃದಯದ ಮೇಲಿನ ಹೊರೆಯನ್ನು, ವೇಗವನ್ನಲ್ಲ. ಇದು ನಮ್ಮ ಭಾಗದಲ್ಲಿ ಮಾರ್ಚ್ ಬರುತ್ತಿದ್ದಂತೆ ಗೊತ್ತಾಗುತ್ತದೆ. ಜನವರಿಯ ಬೆಳಿಗ್ಗೆ ನಾಲ್ಕು ಸುತ್ತು ಓಡಿ 23 ಎಣಿಸಿದ ಹುಡುಗಿ ಮಾರ್ಚ್ ಮಧ್ಯಾಹ್ನ ಅದೇ ನಾಲ್ಕು ಸುತ್ತಿಗೆ 26 ಎಣಿಸಿದರೆ ಆಕೆಯ ಶಕ್ತಿ ಕುಂದಿದೆ ಎಂದಲ್ಲ. ಮೈ ತಂಪಾಗಿಸಲು ರಕ್ತದ ಒಂದು ಪಾಲು ಚರ್ಮಕ್ಕೆ ಹೋಗುತ್ತದೆ, ಬೆವರಿನಲ್ಲಿ ನೀರು ಹೋಗಿ ರಕ್ತದ ಪ್ರಮಾಣವೂ ತುಸು ಇಳಿಯುತ್ತದೆ. ಪ್ರತಿ ಬಡಿತಕ್ಕೆ ಹೊರಬೀಳುವ ರಕ್ತ ಕಡಿಮೆಯಾದಾಗ ಹೃದಯ ಬಡಿತಗಳ ಸಂಖ್ಯೆಯನ್ನು ಹೆಚ್ಚಿಸಿ ಸರಿದೂಗಿಸುತ್ತದೆ. ಆಗ ಬದಲಿಸಬೇಕಾದ್ದು ವೇಗವನ್ನು. ಮಧ್ಯಮ ವಲಯದ ಪಾಠವಿದ್ದರೆ ಓಟವನ್ನು ನಿಧಾನಗೊಳಿಸಿ 25ರ ಒಳಗೆ ತರಬೇಕು, ಬಹುಶಃ ಬಿರುಸಿನ ನಡಿಗೆಯೇ ಸಾಕಾಗುತ್ತದೆ. ಮೇ ತಿಂಗಳಲ್ಲಿ ಬೇಸಿಗೆ ಶಿಬಿರ ನಡೆಸುವವರು ಬೆಳಿಗ್ಗೆ ಎಂಟಕ್ಕೆ ಮೈದಾನ ಬಿಡುವುದು ಇದಕ್ಕೇ.

ಬೆಳಗಿನ ವಿಶ್ರಾಂತಿ ನಾಡಿ ಎಂದಿಗಿಂತ ಹತ್ತು ಬಡಿತ ಹೆಚ್ಚಿದ್ದರೆ ನಿದ್ದೆ ಕೆಟ್ಟಿರಬಹುದು, ಜ್ವರ ಬರುತ್ತಿರಬಹುದು, ಹಿಂದಿನ ದಿನದ ದಣಿವು ಇಳಿಯದಿರಬಹುದು. ಅಂದು ಓಡಿಸದಿರುವುದು ಲೇಸು. ನೆಮ್ಮದಿಯಾಗಿ ಮಲಗಿದ್ದಾಗಲೂ ದಿನವೂ 100 ದಾಟುತ್ತಿದ್ದರೆ, ಅಥವಾ ಉಸಿರಿನ ಏರಿಳಿತಕ್ಕೆ ಹೊಂದದಂತೆ ಬಡಿತ ಅಡ್ಡಾದಿಡ್ಡಿಯಾಗಿದ್ದರೆ, ಓಡುವಾಗ ಎದೆನೋವು ಬಂದರೆ, ಪ್ರಜ್ಞೆ ತಪ್ಪಿದರೆ ವೈದ್ಯರಿಗೆ ತೋರಿಸಬೇಕು. ರಕ್ತಹೀನತೆಯೂ ನಾಡಿಯನ್ನು ಏರಿಸುತ್ತದೆ, ದಮ್ಮಿಗೆ ಎಳೆದುಕೊಳ್ಳುವ ಔಷಧವೂ ಏರಿಸುತ್ತದೆ. ಕಾರಣ ಹುಡುಕುವುದು ಪ್ರಾಥಮಿಕ ಆರೋಗ್ಯ ಕೇಂದ್ರದ ಕೆಲಸ, ನಮ್ಮದಲ್ಲ. ಇಂಥ ಸಂಖ್ಯೆಗಳನ್ನು ಎಲ್ಲರೆದುರು ಓದಿ ಹೇಳಬಾರದು ಎಂಬುದನ್ನು ನಾನು ನಿಯಮವಾಗಿಯೇ ಇಟ್ಟುಕೊಂಡಿದ್ದೇನೆ. ಕಡಿಮೆ ನಾಡಿಗೆ ಚಪ್ಪಾಳೆ ಸಿಗುತ್ತದೆ ಎಂದು ಗೊತ್ತಾದ ಮರುದಿನದಿಂದ ಎಲ್ಲರ ನಾಡಿಯೂ ಕಡಿಮೆಯಾಗುತ್ತದೆ, ಕಾಗದದ ಮೇಲೆ.

ಕೊನೆಗೆ ಕಬಡ್ಡಿ. ಇಲ್ಲಿ ವಲಯದ ಲೆಕ್ಕ ಕೈಕೊಡುತ್ತದೆ. ಕೆಲಸ ಶುರುವಾದ ಮೇಲೆ ಅದಕ್ಕೆ ತಕ್ಕ ಮಟ್ಟಕ್ಕೆ ಏರಿ ನೆಲೆನಿಲ್ಲಲು ನಾಡಿಗೆ ಎರಡು ಮೂರು ನಿಮಿಷ ಬೇಕು. ಒಂದು ರೈಡ್ ಹೆಚ್ಚೆಂದರೆ 30 ಸೆಕೆಂಡು. ಮೈಯೆಲ್ಲ ಬಿಗಿಹಿಡಿದು ಎದುರಾಳಿಗಳನ್ನು ಎಳೆದುಕೊಂಡು ಗೆರೆ ಮುಟ್ಟಿದವನ ಎಣಿಕೆ 22 ಬಂದರೆ ಅವನು ಮಧ್ಯಮ ಶ್ರಮ ಪಟ್ಟಿದ್ದಾನೆ ಎಂದು ಬರೆಯುವುದು ಅನ್ಯಾಯ. ನಾಡಿ ಇನ್ನೂ ಅವನ ಹಿಂದೆ ಓಡಿ ಬರುತ್ತಿದೆ. ನೂರು ಮೀಟರ್ ಓಟಕ್ಕೂ ಖೊಖೊಗೂ ಇದೇ ಮಾತು. ಅಂಥ ಆಟಗಳಲ್ಲಿ ಎರಡು ಸಲ ಎಣಿಸಿದರೆ ಉಪಯೋಗವಾಗುತ್ತದೆ: ಅರ್ಧಾವಧಿಯ ಸೀಟಿ ಬಿದ್ದ ಕೂಡಲೇ ಒಂದು, ಸರಿಯಾಗಿ ಒಂದು ನಿಮಿಷದ ನಂತರ ಇನ್ನೊಂದು. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದು ಆರರಿಂದ ಗುಣಿಸಿದರೆ ಒಂದು ನಿಮಿಷದಲ್ಲಿ ನಾಡಿ ಎಷ್ಟು ಇಳಿಯಿತು ಎಂದು ಸಿಗುತ್ತದೆ. ಜೂನ್‌ನಲ್ಲಿ 28ರಿಂದ 25ಕ್ಕೆ ಇಳಿಯುತ್ತಿದ್ದ ಹುಡುಗ ನವೆಂಬರಿನಲ್ಲಿ 28ರಿಂದ 21ಕ್ಕೆ ಇಳಿದರೆ, 18 ಇದ್ದ ಇಳಿತ 42 ಆಗಿದೆ. ಎರಡನೆಯ ಅವಧಿಗೆ ಯಾರನ್ನು ಮೊದಲು ರೈಡ್‌ಗೆ ಕಳಿಸಬೇಕು ಎಂದು ತೀರ್ಮಾನಿಸಲು ನಾನು ನೋಡುವುದು ಆ ಸಂಖ್ಯೆಯನ್ನು.